ಒಂದು ಹನಿಯನ್ನೂ ಮುಟ್ಟದ ವಾರ

2006ನೆಯ ಇಸವಿಯಲ್ಲಿ ಚಿಕೂನ್‌ಗುನ್ಯಾ ಎಂಬ ಜ್ವರವು ಕರ್ನಾಟಕದ ಊರೂರನ್ನು ಹೊಕ್ಕಿತು. ಆ ಒಂದು ವರ್ಷದಲ್ಲಿ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಜನರಿಗೆ ಈ ಜ್ವರ ಬಂದಿರಬಹುದೆಂದು ಲೆಕ್ಕ ಹಾಕಲಾಯಿತು. ದಾವಣಗೆರೆಯೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಜ್ವರವೇನೋ ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತಿತ್ತು; ಆದರೆ ಮೊಣಕಾಲು, ಮಣಿಕಟ್ಟು, ಬೆರಳಿನ ಗೆಣ್ಣುಗಳಲ್ಲಿ ಹೊಕ್ಕ ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಎದ್ದು ನಿಂತವರು ಬಗ್ಗಿಕೊಂಡೇ ನಡೆಯುತ್ತಿದ್ದರು. ಈ ರೋಗವನ್ನು ನೇರವಾಗಿ ಕೊಲ್ಲುವ ಔಷಧಿ ಇರಲಿಲ್ಲ, ಇಂದಿಗೂ ಇಲ್ಲ. ಜ್ವರವನ್ನೂ ನೋವನ್ನೂ ತಗ್ಗಿಸಲು ವೈದ್ಯರು ಬರೆದುಕೊಡುತ್ತಿದ್ದುದು ಪ್ಯಾರಾಸಿಟಮಾಲ್ ಮಾತ್ರೆಯನ್ನು.

ನಾನಾಗ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದೆ, ವಾಸ ಎಸ್.ಎಸ್. ಬಡಾವಣೆಯಲ್ಲಿ. ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಬ್ಬ ಗಾರೆ ಕೆಲಸದವನು ಸಂಸಾರಸಮೇತ ಇದ್ದನು. ನಲವತ್ತರ ಆಸುಪಾಸಿನ, ಕಸುಬು ಬಲ್ಲ ಮನುಷ್ಯ. ಸಂಜೆ ಕೈಕಾಲು ತೊಳೆದ ಮೇಲೆ ಎರಡು ಮೂರು ಪ್ಯಾಕೆಟ್ ಸಾರಾಯಿ ಕುಡಿಯುವುದು ಅವನಿಗೆ ಹದಿನೈದು ವರ್ಷಗಳ ರೂಢಿ. ಸಾರಾಯಿಯ ಮಾರಾಟವು ಕರ್ನಾಟಕದಲ್ಲಿ ನಿಂತದ್ದು ಮರುವರ್ಷ, 2007ರ ಜುಲೈಯಲ್ಲಿ.

ಒಂದು ಮುಂಜಾನೆ ಅವನ ಹೆಂಡತಿ ನಮ್ಮ ಗೇಟಿನ ಬಳಿ ಬಂದು ನಿಂತಳು. "ಮೇಷ್ಟ್ರೇ, ನಮ್ಮ ಯಜಮಾನ್ರ ಕಣ್ಣು ಅರಿಶಿನ ಹಚ್ಚಿದಂಗಾಗ್ಯಾವೆ. ಮಾತು ತೊದಲ್ತಾರೆ. ಒಂದೀಟು ಬಂದು ನೋಡ್ರಿ" ಎಂದಳು. ಹೋಗಿ ನೋಡಿದೆ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಆಟೋ ಕರೆದು ಆಸ್ಪತ್ರೆಗೆ ಸೇರಿಸಿದೆವು.

ವೈದ್ಯರು ಮೊದಲು ಕೇಳಿದ ಪ್ರಶ್ನೆ ಕುಡಿತದ್ದು. ಆಕೆ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿ, ಕೊನೆಗೆ, "ಆದ್ರೆ ಜ್ವರ ಬಂದ ದಿನದಿಂದ ಒಂದು ಹನಿ ಮುಟ್ಟಿಲ್ಲ ಸಾರ್. ಅಂಗಡಿ ತನಕ ನಡೆಯೋಕೇ ಆಗ್ತಿರಲಿಲ್ಲ" ಎಂದಳು. ಆ ಮಾತು ನಿಜವಾಗಿತ್ತು. ಆದುದರಿಂದಲೇ ನನಗೆ ಈ ಪ್ರಸಂಗ ಬಹುಕಾಲ ಒಗಟಾಗಿ ಉಳಿಯಿತು. ವರ್ಷಗಟ್ಟಲೆ ಕುಡಿದಾಗ ನಿಂತುಕೊಂಡಿದ್ದ ಯಕೃತ್ತು, ಕುಡಿಯದಿದ್ದ ವಾರದಲ್ಲಿ ಕುಸಿದದ್ದೇಕೆ?

ರಕ್ತಪರೀಕ್ಷೆಯ ವರದಿ ಬಂತು. ಯಕೃತ್ತಿನ ಜೀವಕೋಶಗಳು ಒಡೆದಾಗ ಅವುಗಳೊಳಗಿನ ಕೆಲವು ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಆರೋಗ್ಯವಂತರಲ್ಲಿ ಈ ಕಿಣ್ವದ ಅಳತೆ 40ರ ಒಳಗೋ ಹೊರಗೋ ಇರುತ್ತದೆ. ಕುಡಿತವೊಂದರಿಂದಲೇ ಯಕೃತ್ತು ಊದಿಕೊಂಡವರಲ್ಲಿ ಅದು ಮುನ್ನೂರು ನಾನ್ನೂರನ್ನು ದಾಟುವುದು ಅಪರೂಪ. ಇವನ ವರದಿಯಲ್ಲಿ ಐದು ಸಾವಿರಕ್ಕೂ ಮಿಕ್ಕಿತ್ತು. "ಇದು ಬರಿಯ ಸಾರಾಯಿಯ ಕೆಲಸ ಅಲ್ಲ" ಎಂದು ವೈದ್ಯರು ತಲೆಯಾಡಿಸಿದರು. ಅಷ್ಟು ಎತ್ತರದ ಅಂಕಿ ಬರಲು ಕಾಮಾಲೆಯ ವೈರಸ್ಸುಗಳೂ ಕಾರಣವಾಗಬಲ್ಲವು. ಆ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಆಗ ಅವರು ಆಕೆಯ ಕಡೆ ತಿರುಗಿ, "ಅಮ್ಮಾ, ಮನೆಯಲ್ಲಿ ಏನೇನು ಮಾತ್ರೆ ನುಂಗಿದ್ದಾರೆ? ಖಾಲಿ ಶೀಟುಗಳಿದ್ದರೆ ಎಲ್ಲ ತಗೊಂಡು ಬನ್ನಿ" ಎಂದರು.

ಆಕೆ ಒಂದನ್ನೂ ಎಸೆದಿರಲಿಲ್ಲ. ಎಲೆಯಡಿಕೆಯ ಚೀಲದಲ್ಲಿ ಮಡಿಸಿಟ್ಟಿದ್ದ ಶೀಟುಗಳನ್ನು ವೈದ್ಯರ ಮೇಜಿನ ಮೇಲೆ ಹರಡಿದಳು. ಅವುಗಳಲ್ಲಿ ಎರಡು ಬಗೆ. ಒಂದು, 500 ಮಿಲಿಗ್ರಾಮಿನ ಪ್ಯಾರಾಸಿಟಮಾಲ್. ಒಂದೊಂದರಂತೆ ದಿನಕ್ಕೆ ಮೂರು ಸಲ ಎಂದು ಚೀಟಿಯಲ್ಲಿತ್ತು. ನೋವು ತಡೆಯಲಾರದೆ ಅವನು ಎರಡೆರಡು ನುಂಗಿದ್ದನು. ಇನ್ನೊಂದು, ಅಂಗಡಿಯಲ್ಲಿ ಕೇಳಿ ತಂದ 'ಮೈಕೈ ನೋವಿನ ಮಾತ್ರೆ'. ಅದನ್ನೂ ದಿನಕ್ಕೆ ಮೂರು. ಹೆಸರು ಬೇರೆ, ಬಣ್ಣ ಬೇರೆ. ಆದರೆ ಶೀಟಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಅದರೊಳಗೂ ಬೇರೊಂದು ನೋವುನಿವಾರಕದ ಜೊತೆಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. ವೈದ್ಯರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಮೊದಲನೆಯದರಿಂದ ದಿನಕ್ಕೆ 3 ಗ್ರಾಂ, ಎರಡನೆಯದರಿಂದ ಒಂದೂವರೆ ಗ್ರಾಂ. ಒಟ್ಟು ನಾಲ್ಕೂವರೆ ಗ್ರಾಂ, ಹೀಗೆ ಐದು ದಿನ. ಆರೋಗ್ಯವಂತರಾದ ವಯಸ್ಕರಿಗೇ ದಿನದ ಗರಿಷ್ಠ ಮಿತಿ 4 ಗ್ರಾಂ. ಮಿತಿಯನ್ನು ದಾಟಿದ್ದು ಸ್ವಲ್ಪವೇ ಆದರೂ ಹಾನಿ ಇಷ್ಟಾಯಿತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವು ಯಕೃತ್ತಿನ ಒಳಗಿದೆ.

ನಾವು ನುಂಗಿದ ಪ್ಯಾರಾಸಿಟಮಾಲ್ ತನ್ನ ಕೆಲಸ ಮುಗಿಸಿದ ಮೇಲೆ ದೇಹದಿಂದ ಹೊರಗೆ ಹೋಗಬೇಕು. ಅದನ್ನು ಸಾಗಹಾಕುವ ಹೊಣೆ ಯಕೃತ್ತಿನದು. ಬಹುಪಾಲು ಔಷಧಿಯನ್ನು ಯಕೃತ್ತು ಇತರ ವಸ್ತುಗಳೊಡನೆ ಬೆಸೆದು, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಮೂಲಕ ಕಳುಹಿಸಿಬಿಡುತ್ತದೆ. ಇದು ಹೆದ್ದಾರಿ, ಇಲ್ಲಿ ಅಪಾಯವಿಲ್ಲ. ಆದರೆ ನೂರರಲ್ಲಿ ಐದರಿಂದ ಹತ್ತು ಪಾಲು ಒಂದು ಕಾಲುದಾರಿಯನ್ನು ಹಿಡಿಯುತ್ತದೆ. ಅಲ್ಲಿರುವ ಒಂದು ಕಿಣ್ವವು ಅದನ್ನು ತೀಕ್ಷ್ಣವಾದ ವಿಷವನ್ನಾಗಿ ಮಾರ್ಪಡಿಸುತ್ತದೆ. ಈ ವಿಷವು ಹುಟ್ಟಿದ ಜಾಗದಲ್ಲಿಯೇ ಜೀವಕೋಶಕ್ಕೆ ಅಂಟಿಕೊಂಡು ಅದನ್ನು ಸುಡಬಲ್ಲದು. ಸುಡದಂತೆ ಕಾಯುವುದು ಗ್ಲುಟಾಥಯೋನ್ ಎಂಬ ವಸ್ತು. ನಾವು ತಿನ್ನುವ ಬೇಳೆಕಾಳು, ಹಾಲು, ಮೊಟ್ಟೆಗಳಲ್ಲಿರುವ ಪ್ರೋಟೀನಿನಿಂದ ಯಕೃತ್ತು ಇದನ್ನು ದಿನದಿನವೂ ತಯಾರಿಸಿಟ್ಟುಕೊಳ್ಳುತ್ತದೆ. ವಿಷದ ಕಣ ಹುಟ್ಟುತ್ತಲೇ ಗ್ಲುಟಾಥಯೋನ್ ಅದನ್ನು ಹಿಡಿದು ನಿರುಪದ್ರವಿಯನ್ನಾಗಿ ಮಾಡುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಒಲೆಯಿಂದ ಕಿಡಿ ಹಾರುವುದು ಅಲ್ಲಿ ಸಹಜ. ಪಕ್ಕದಲ್ಲಿ ನೀರಿನ ತೊಟ್ಟಿ ತುಂಬಿದ್ದರೆ ಯಾವ ಕಿಡಿಯೂ ಗೋಣಿಚೀಲವನ್ನು ಸುಡಲಾರದು. ಉರಿ ಹೆಚ್ಚಿ ಕಿಡಿಗಳು ಹೆಚ್ಚಿದವೆನ್ನಿ, ಅದೇ ಹೊತ್ತಿಗೆ ತೊಟ್ಟಿಯೂ ಬರಿದಾಯಿತೆನ್ನಿ. ಆಗ ಭಟ್ಟಿಗೆ ಕೇಡು.

ನಿತ್ಯವೂ ಮಿತಿಮೀರಿ ಕುಡಿಯುವವರಲ್ಲಿ ಮದ್ಯವು ಈ ಎರಡನ್ನೂ ಮಾಡುತ್ತದೆ. ಮೇಲೆ ಹೇಳಿದ ಕಾಲುದಾರಿಯ ಕಿಣ್ವವು ಮದ್ಯವನ್ನು ಅರಗಿಸುವ ಕೆಲಸಕ್ಕೂ ಒದಗುತ್ತದೆ. ದಿನವೂ ಮದ್ಯ ಬಂದು ಬೀಳುತ್ತಿದ್ದರೆ ಯಕೃತ್ತು ಆ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ಶೇಖರಿಸಿಕೊಳ್ಳುತ್ತದೆ. ಹೀಗೆ ಕಾಲುದಾರಿಯು ಅಗಲವಾಗುತ್ತದೆ. ಅಷ್ಟೇ ಮಾತ್ರೆಯಿಂದ ಹೆಚ್ಚು ವಿಷ ಹುಟ್ಟುತ್ತದೆ. ಇನ್ನೊಂದು ಕಡೆ ಮದ್ಯವು ಗ್ಲುಟಾಥಯೋನಿನ ದಾಸ್ತಾನನ್ನೇ ಕುಗ್ಗಿಸುತ್ತದೆ. ಕುಡಿಯುವವರು ಊಟವನ್ನು ಕಡೆಗಣಿಸುವುದುಂಟು. ಅದರಿಂದ ದಾಸ್ತಾನು ಮತ್ತಷ್ಟು ಇಳಿಯುತ್ತದೆ.

ಈಗ ಒಗಟಿಗೆ ಬರೋಣ. ಮದ್ಯವು ರಕ್ತದಲ್ಲಿ ಇರುವಷ್ಟು ಹೊತ್ತು ಆ ಕಿಣ್ವದ ಕೈ ಮದ್ಯದಿಂದಲೇ ತುಂಬಿರುತ್ತದೆ. ಪ್ಯಾರಾಸಿಟಮಾಲನ್ನು ವಿಷವಾಗಿಸಲು ಅದಕ್ಕೆ ಬಿಡುವು ಕಡಿಮೆ. ಮದ್ಯವು ದೇಹದಿಂದ ಇಳಿದುಹೋದ ಮೇಲೆ ಕೈ ಬಿಡುವಾಗುತ್ತದೆ. ಆದರೆ ಹೆಚ್ಚಿದ ಕಿಣ್ವವು ಒಡನೆಯೇ ಕುಗ್ಗುವುದಿಲ್ಲ. ಅದಕ್ಕೆ ಹಲವು ದಿನಗಳು ಬೇಕು. ಆದುದರಿಂದ ಕುಡಿತ ನಿಂತ ಮೊದಲ ಕೆಲವು ದಿನಗಳೇ ಹೆಚ್ಚು ಸೂಕ್ಷ್ಮವಾದವು. ನಮ್ಮ ಗಾರೆಯವನು ಮಾತ್ರೆಗಳನ್ನು ನುಂಗಿದ್ದು ಸರಿಯಾಗಿ ಆ ದಿನಗಳಲ್ಲಿಯೇ. ಜ್ವರದ ಬಾಯಿಗೆ ಅನ್ನ ರುಚಿಸದೆ ಐದು ದಿನವೂ ಗುಟುಕು ಗಂಜಿಯಲ್ಲೇ ಕಳೆದಿದ್ದನು. ರಾತ್ರಿ ಕುಡಿದು, ಬೆಳಿಗ್ಗೆ ತಲೆ ಸಿಡಿಯುತ್ತದೆಂದು ಮಾತ್ರೆ ನುಂಗಿ, ಸಂಜೆ ಮತ್ತೆ ಕುಡಿಯುವವರೂ ದಿನದಿನವೂ ಇಂಥದೇ ಹೊತ್ತಿಗೆ ಮಾತ್ರೆಯನ್ನು ತೆಗೆದುಕೊಳ್ಳುತ್ತಾರೆ. ಹಗಲಿಗೆ ಮದ್ಯ ಇಳಿದಿರುತ್ತದೆ, ಕಿಣ್ವ ಉಳಿದಿರುತ್ತದೆ.

ಅತಿಯಾದ ಪ್ಯಾರಾಸಿಟಮಾಲ್ ಯಕೃತ್ತನ್ನು ಸುಡುತ್ತದೆಂದು ವೈದ್ಯರು ಮೊದಲು ವರದಿ ಮಾಡಿದ್ದು 1966ರಲ್ಲಿ, ಬ್ರಿಟನ್ನಿನಲ್ಲಿ. ಗ್ಲುಟಾಥಯೋನ್ ಬರಿದಾಗುವುದೇ ಇದಕ್ಕೆ ಮೂಲವೆಂಬುದನ್ನು ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗಗಳಿಂದ 1973ರಲ್ಲಿ ತೋರಿಸಿದರು. ದಿನಕ್ಕೆ ಮೂರು ಅಥವಾ ಹೆಚ್ಚು ಡ್ರಿಂಕ್ ಮದ್ಯ ಸೇವಿಸುವವರು ವೈದ್ಯರನ್ನು ಕೇಳಿ ಈ ಔಷಧಿಯನ್ನು ತೆಗೆದುಕೊಳ್ಳಬೇಕೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಅಚ್ಚು ಮಾಡುವಂತೆ ಆ ದೇಶದ ಸರ್ಕಾರ 1998ರಲ್ಲಿ ವಿಧಿಸಿತು.

ಇಷ್ಟು ಹೇಳಿದ ಮೇಲೆ ಮಾತ್ರೆಯನ್ನು ಕಂಡರೆ ಹೆದರಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಆಗ ತಾನೇ ಕುಡಿತ ಬಿಟ್ಟವರಿಗೆ ಆಸ್ಪತ್ರೆಯ ನಿಗಾದಲ್ಲಿ ದಿನಕ್ಕೆ 4 ಗ್ರಾಮಿನಂತೆ ಎರಡು ದಿನ ಕೊಟ್ಟು ನೋಡಿದ ಪರೀಕ್ಷೆಯೊಂದು 2001ರಲ್ಲಿ ಪ್ರಕಟವಾಯಿತು. ಅವರ ಯಕೃತ್ತಿಗೆ ಹಾನಿ ಕಾಣಲಿಲ್ಲ. ಹಾನಿ ಕಂಡವರಲ್ಲಿ ಸಾಮಾನ್ಯವಾಗಿ ಹಲವು ಕಾರಣಗಳು ಒಟ್ಟುಗೂಡಿರುತ್ತವೆ: ದೀರ್ಘಕಾಲದ ಕುಡಿತ, ಮಿತಿ ದಾಟಿದ ಮಾತ್ರೆ, ಹಲವು ದಿನಗಳ ಮುಂದುವರಿಕೆ, ಬರಿಹೊಟ್ಟೆ. ಪ್ಯಾರಾಸಿಟಮಾಲಿಗೆ ಬದಲಾಗಿ ಬೇರೆ ನೋವಿನ ಮಾತ್ರೆಗಳನ್ನು ನುಂಗುವುದು ಕುಡಿಯುವವರಿಗೆ ಒಳಿತೇನಲ್ಲ. ಅವು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರುವ ಭಯವಿದೆ. ಆದುದರಿಂದ ನಿತ್ಯ ಕುಡಿಯುವವರಿಗೂ ಅನೇಕ ವೈದ್ಯರು ಇದೇ ಮಾತ್ರೆಯನ್ನು ಕೊಡುತ್ತಾರೆ. ಆದರೆ ದಿನಕ್ಕೆ 2 ಗ್ರಾಂ ಮೀರದಂತೆ, ಕೆಲವೇ ದಿನ. ಎಂದರೆ 500 ಮಿಲಿಗ್ರಾಮಿನವು ನಾಲ್ಕು, ಅಥವಾ ಈಗ ಹೆಚ್ಚಾಗಿ ಸಿಗುವ 650 ಮಿಲಿಗ್ರಾಮಿನವು ಮೂರು.

ಈ ಬೇನೆಯ ಕಪಟವಿರುವುದು ಅದರ ನಿಧಾನದಲ್ಲಿ. ಮೊದಲಿಗೆ ಓಕರಿಕೆ, ವಾಂತಿ, ಸುಸ್ತು ಮಾತ್ರ ಇರುತ್ತದೆ. ಯಾವ ಜ್ವರದಲ್ಲಾದರೂ ಇವು ಬರುತ್ತವೆ. ಕೆಲವೊಮ್ಮೆ ನಡುವೆ ಒಂದು ದಿನ ಗುಣವಾದಂತೆಯೂ ತೋರುವುದುಂಟು. ಆಮೇಲೆ ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ, ಮಾತಿನಲ್ಲಿ ಗೊಂದಲ, ರಕ್ತ ಹೆಪ್ಪುಗಟ್ಟದಿರುವುದು. ನಮ್ಮವನಿಗೆ ಆರನೆಯ ದಿನ ವಾಂತಿ ಬಂದಾಗ ಜ್ವರ ಇಳಿದಿತ್ತು. ಬರಿಹೊಟ್ಟೆಯ ವಾಂತಿಯೆಂದು ಮನೆಯವರು ಸುಮ್ಮನಿದ್ದರು. ಏಳನೆಯ ದಿನ ಕಣ್ಣು ಹಳದಿಯಾಯಿತು.

ಅವನಿಗೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಟ್ಟರು. ಯಕೃತ್ತು ಗ್ಲುಟಾಥಯೋನನ್ನು ಮತ್ತೆ ತಯಾರಿಸಲು ಬೇಕಾದ ಕಚ್ಚಾವಸ್ತುವೇ ಇದು. ಬರಿದಾದ ತೊಟ್ಟಿಗೆ ನೀರು ತುಂಬಿದಂತೆ. ಒಮ್ಮೆಗೇ ಹೆಚ್ಚು ಮಾತ್ರೆ ನುಂಗಿದವರಿಗೆ ಎಂಟು ಗಂಟೆಯೊಳಗೆ ಇದು ಸಿಕ್ಕರೆ ಯಕೃತ್ತು ಬಹುತೇಕ ಉಳಿಯುತ್ತದೆ. ತಡವಾಗಿ ಬಂದವರಿಗೂ ಕೊಡುತ್ತಾರೆ. ಪ್ರಯೋಜನ ಇಲ್ಲದಿಲ್ಲ, ಆದರೆ ಅಷ್ಟು ಖಚಿತವಿಲ್ಲ. ದಿನಕ್ಕೆರಡು ಬಾರಿ ಅವನ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ನೋಡುತ್ತಿದ್ದರು. ಯಕೃತ್ತು ಚೇತರಿಸುತ್ತಿದೆಯೇ ಇಲ್ಲವೇ ಎಂಬುದು ಕಿಣ್ವದ ಅಂಕಿಗಿಂತ ಇದರಿಂದಲೇ ಚೆನ್ನಾಗಿ ತಿಳಿಯುತ್ತದಂತೆ. ನಾಲ್ಕನೆಯ ದಿನ ಆ ವೇಳೆ ಕಡಿಮೆಯಾಗತೊಡಗಿತು. ಐದನೆಯ ದಿನ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದನು.

ಮೂರು ವಾರ ಕಳೆದು ಮನೆಗೆ ಬಂದ ಅವನು ಸಾರಾಯಿಯ ಕಡೆ ಹೋಗಲಿಲ್ಲ. ಅರ್ಧಕ್ಕೆ ನಿಂತಿದ್ದ ಗೋಡೆಯ ಗಿಲಾವನ್ನು ಬೇಸಗೆಯ ಹೊತ್ತಿಗೆ ತಾನೇ ಮುಗಿಸಿದನು. ಅವನ ಹೆಂಡತಿ ಮುಂದೆ ಯಾವ ಮಾತ್ರೆ ತಂದರೂ ಶೀಟನ್ನು ತಿರುಗಿಸಿ ಹಿಡಿದು ನಮ್ಮ ಗೇಟಿನ ಬಳಿ ಬರುತ್ತಿದ್ದಳು: "ಮೇಷ್ಟ್ರೇ, ಇದರಾಗೂ ಅದೇ ಐತೇನು, ಒಂಚೂರು ಓದಿ ಹೇಳ್ರಿ."