ಕ್ರೇಟಿನ ಕೊನೆಯ ಮೂರು ಕೆಜಿ

ಯಲಹಂಕ ಉಪನಗರದಲ್ಲಿ ಮೀನಂಗಡಿ ಇಡುತ್ತೇನೆ ಅಂದೆಯಲ್ಲ, ಒಳ್ಳೇದಪ್ಪ. ಬಂಗುಡೆ ಕ್ರೇಟಿನ ಲೆಕ್ಕವನ್ನೂ ಹೇಳಿದೆ: ಇಪ್ಪತ್ತೈದು ಕೆಜಿ, ಕೆಜಿಗೆ 200 ರೂಪಾಯಿಯಂತೆ ತಂದು 300ಕ್ಕೆ ಮಾರಿದರೆ ದಿನಕ್ಕೆ 2,500 ಉಳೀತು ಅಂತ. ಮೀನಿನ ದರ ದಿನಕ್ಕೊಂದು, ಅದು ಬೇರೆ ಮಾತು. ಈಗ ನಿನ್ನ ದರವನ್ನೇ ಇಟ್ಟುಕೊಂಡು ಬೆಳಗಿಂದ ರಾತ್ರಿವರೆಗೆ ಆ ಕ್ರೇಟಿನ ಹಿಂದೆ ಹೋಗೋಣ ಬಾ.

ಕ್ರೇಟು ಅಂಗಡಿಗೆ ಬಂದ ತಕ್ಷಣ ಮೀನನ್ನೆಲ್ಲ ಹೊರಗೆ ಸುರಿದು, ಐಸ್ ಉದುರಿಸಿ, ನೀರು ಬಸಿದು ನಿನ್ನ ತಕ್ಕಡಿಯಲ್ಲಿ ತೂಗು. ಬಿಲ್ಲಿನಲ್ಲಿ 25 ಇದ್ದರೂ ಇಲ್ಲಿ 24 ಬಂದರೆ ಆಶ್ಚರ್ಯಪಡಬೇಡ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ರಾತ್ರಿಯೆಲ್ಲ ಲಾರಿಯಲ್ಲಿ ಬಂದ ಮೀನು ಸ್ವಲ್ಪ ರಸ ಬಿಟ್ಟಿರುತ್ತದೆ, ತೂಕದಲ್ಲಿ ಸ್ವಲ್ಪ ಐಸೂ ಸೇರಿಕೊಂಡಿರುತ್ತದೆ. ಆಮೇಲೆ ಆರಿಸು. ಮೇಲಿನ ಸಾಲು ಯಾವಾಗಲೂ ಚೆನ್ನಾಗಿರುತ್ತದೆ, ಭಾರ ಬೀಳುವುದು ತಳದ ಸಾಲಿನ ಮೇಲೆ. ಬಂಗುಡೆ, ಬೂತಾಯಿ ಹೊಟ್ಟೆ ತುಂಬ ಮೇದಿದ್ದಾಗ ಬಲೆಗೆ ಬಿದ್ದರೆ ಒಳಗಿನ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಕರಗಿಸಿಬಿಡುತ್ತದೆ. ಹಾಗೆ ಹೊಟ್ಟೆ ಒಡೆದದ್ದು, ಜಜ್ಜಿದ್ದು ಒಂದು ಕೆಜಿ ತೆಗೆ. 23 ಉಳಿಯಿತು. ಗಿರಾಕಿಗೆ ತೂಗುವಾಗ ಮುಳ್ಳು ಸರಿಯಾಗಿ ಒಂದು ಕೆಜಿಗೆ ನಿಲ್ಲುವುದಿಲ್ಲ, ಮೀನನ್ನು ಕತ್ತರಿಸಿ ಸರಿ ಮಾಡುವುದಕ್ಕೂ ಆಗುವುದಿಲ್ಲ. ಇಪ್ಪತ್ತು ಗ್ರಾಂ, ಮೂವತ್ತು ಗ್ರಾಂ ಅಂತ ಸಂಜೆಯೊಳಗೆ ಅರ್ಧ ಕೆಜಿ ಹೋಗಿರುತ್ತದೆ. ನೀನು ನಿಜವಾಗಿ ಮಾರಬಲ್ಲದ್ದು ಇಪ್ಪತ್ತೆರಡೂವರೆ.

ಇನ್ನು ಖರ್ಚು. ಮೀನಿಗೆ 5,000. ಆಟೋ ಮತ್ತು ಕೂಲಿ 200, ಐಸ್ 150, ಬಾಡಿಗೆ, ಕವರು, ನೀರು ಎಲ್ಲದರಲ್ಲಿ ಈ ಕ್ರೇಟಿನ ಪಾಲು 250 ಅಂತ ಇಟ್ಟುಕೊ. ಒಟ್ಟು 5,600. ಮಧ್ಯಾಹ್ನದೊಳಗೆ 17 ಕೆಜಿ 300ರಂತೆ ಹೋಯಿತು, 5,100 ಬಂತು. ಸಂಜೆ 4 ಕೆಜಿ 220ಕ್ಕೆ, 880. ಅಂಗಡಿ ಮುಚ್ಚುವ ಹೊತ್ತಿಗೆ ಒಂದೂವರೆ ಕೆಜಿ 100ರಂತೆ, 150. ಕೈಗೆ ಬಂದದ್ದು 6,130. ಉಳಿದದ್ದು 530. ನಿನ್ನ ಕೂಲಿ ಇದರಲ್ಲೇ ಬರಬೇಕು, ನೆನಪಿಟ್ಟುಕೊ.

ಹೆದರಿಸುವುದಕ್ಕೆ ಹೇಳಿದ್ದಲ್ಲ. ಆ 530 ಎಲ್ಲಿ ಕೂತಿದೆ ಅಂತ ನೋಡು. ಮೊದಲ ಹತ್ತೊಂಬತ್ತು ಕೆಜಿಯಲ್ಲಿ ನಿನಗೆ ಒಂದು ಪೈಸೆಯೂ ಇಲ್ಲ, ಅದೆಲ್ಲ ಹಾಕಿದ ದುಡ್ಡು ಮರಳಿ ಬರುವುದಷ್ಟೇ. ಲಾಭ ಇರುವುದು ಕೊನೆಯ ಮೂರು ಚಿಲ್ಲರೆ ಕೆಜಿಯಲ್ಲಿ. ಅಂದರೆ ಬೆಳಗಿನಿಂದ ಎಲ್ಲಕ್ಕಿಂತ ಹೆಚ್ಚು ಬಿಸಿಲು, ಗಾಳಿ, ನೊಣ ಕಂಡ ಮೀನಿನಲ್ಲಿ. ಮಧ್ಯಾಹ್ನ ಗಲ್ಲಾ ತುಂಬಿದೆ ಅಂತ ಉಳಿದ ಮೀನಿನ ಕಡೆ ಅಸಡ್ಡೆ ಮಾಡುವವನು ತನ್ನ ಸಂಪಾದನೆಯನ್ನೇ ಕೊಳೆಯಲು ಬಿಟ್ಟಂತೆ.

ಐಸಿನ ಮಾತು ಬರುವುದು ಇಲ್ಲೇ. ಅರ್ಧ ಐಸ್ ಹಾಕಿ 75 ರೂಪಾಯಿ ಉಳಿಸೋಣ ಅಂತ ಅನ್ನಿಸುತ್ತದೆ. ಉಳಿಸಿದೆ ಅಂತಿಟ್ಟುಕೊ. ಮಧ್ಯಾಹ್ನದ ಹೊತ್ತಿಗೆ ಮೀನು ಮೆತ್ತಗಾಗಿ, ಪೂರ್ತಿ ಬೆಲೆಗೆ ಹೋಗಬೇಕಿದ್ದ 3 ಕೆಜಿ 220ಕ್ಕೆ ಇಳಿಯಿತು. ಅಲ್ಲಿ 240 ಹೋಯಿತು. ಕೊನೆಯ ಒಂದೂವರೆ ಕೆಜಿ ಯಾರೂ ಮುಟ್ಟದೆ ಎಸೆದೆ, ಮತ್ತೆ 150. ನಿನ್ನ 530 ಈಗ 215.

ಇಪ್ಪತ್ತೈದು ಕೆಜಿ ಮೀನನ್ನು 28 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಏಳೆಂಟು ಕೆಜಿ ಐಸ್ ಸಾಕು. ಹಾಗಿದ್ದೂ ಮೀನಿಗೆ ಸಮತೂಕ ಐಸ್ ಬೇಕು ಅಂತ ತಿಳಿದವರು ಹೇಳುವುದು ಯಾಕೆ? ಉಳಿದದ್ದೆಲ್ಲ ನಮ್ಮ ಬಿಸಿಲನ್ನು ತಡೆಯುವುದಕ್ಕೆ ಖರ್ಚಾಗುತ್ತದೆ. ಸೊನ್ನೆಯಲ್ಲಿರುವ ಮೀನಿಗಿಂತ ಐದು ಡಿಗ್ರಿಯಲ್ಲಿರುವುದು ಎರಡು ಪಟ್ಟಿಗೂ ಹೆಚ್ಚು ಬೇಗ ಕೆಡುತ್ತದೆ, ಹತ್ತರಲ್ಲಿ ನಾಲ್ಕು ಪಟ್ಟು. ಆದ್ದರಿಂದ ಖರ್ಚು ಕಡಿಮೆ ಮಾಡಬೇಕಾದರೆ ಐಸನ್ನಲ್ಲ, ಬಿಸಿಲನ್ನು ಕಡಿಮೆ ಮಾಡು. ಹಲಗೆಯ ಮೇಲೆ ನಾಲ್ಕೈದು ಕೆಜಿ ಮಾತ್ರ ಹರಡು. ಮಿಕ್ಕದ್ದು ಮುಚ್ಚಿದ ಥರ್ಮಾಕೋಲ್ ಡಬ್ಬದಲ್ಲಿ ಕೆಳಗೆ ಐಸ್, ನಡುನಡುವೆ ಐಸ್, ಮೇಲೆ ಐಸ್ ಇರಲಿ. ಗಡ್ಡೆಯನ್ನು ಪುಡಿ ಮಾಡಿ ಹಾಕು, ದಪ್ಪ ತುಂಡು ಮೀನಿಗೆ ಪೂರ್ತಿ ತಾಗುವುದಿಲ್ಲ, ಮೂಲೆ ಚುಚ್ಚಿ ಗಾಯ ಬೇರೆ ಮಾಡುತ್ತದೆ. ಡಬ್ಬದ ತಳದಲ್ಲಿ ತೂತಿರಲಿ. ಕರಗಿದ ನೀರಿನಲ್ಲಿ ನೆನೆದ ಬಂಗುಡೆಯ ಹೊಳಪು ಹೋಗುತ್ತದೆ, ಹೊಳಪು ಹೋದರೆ ದರವೂ ಹೋಯಿತು.

ಸಂಜೆ ಬೆಲೆ ಇಳಿಸಲು ಹಿಂಜರಿಯಬೇಡ. ತಂದದ್ದೇ 200, ಅದಕ್ಕಿಂತ ಕಡಿಮೆಗೆ ಹೇಗೆ ಕೊಡಲಿ ಅನ್ನುವುದು ಹಠ, ಲೆಕ್ಕವಲ್ಲ. ಆ 200 ಬೆಳಿಗ್ಗೆಯೇ ಹೋಗಿದೆ. ಐದು ಗಂಟೆಗೆ 220ಕ್ಕೆ ಹೋಗುವ ಮೀನು ಎಂಟು ಗಂಟೆಗೆ 100ಕ್ಕೂ ಹೋಗದಿರಬಹುದು. ಆದರೆ ಬಿಸಿಗೆ ಬಿದ್ದ ಬಂಗುಡೆಯನ್ನು ಮರುದಿನ ಐಸ್ ಹಾಕಿ ಹೊಸದೆಂದು ಮಾರಬೇಡ. ಅದರಲ್ಲಿ ಹುಟ್ಟುವ ಹಿಸ್ಟಮಿನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪಾಗಿ ಮೈ ತುರಿಸುತ್ತದೆ. ಅಂಥದ್ದನ್ನು ಎಸೆಯುವುದೇ ಸರಿ.

ಕ್ಲೀನ್ ಮಾಡುವ ಮೊದಲೇ, ಗಿರಾಕಿಯ ಕಣ್ಣೆದುರು ತೂಗು. ಯಾವುದಾದರೂ ಹೋಟೆಲಿನವರು ತಲೆ, ಕರುಳು ತೆಗೆದ ತೂಕಕ್ಕೆ ಕೆಜಿಗೆ 400 ಕೊಡುತ್ತೇವೆ ಅಂದರೆ ಕುಣಿಯಬೇಡ. ಹತ್ತು ಕೆಜಿ ಬಂಗುಡೆ ಶುಚಿ ಮಾಡಿದರೆ ಆರೂವರೆ ಕೆಜಿ ಆಸುಪಾಸು ನಿಲ್ಲುತ್ತದೆ. 2,600 ಬರುತ್ತದೆ, ಇಡಿಯಾಗಿ ಮಾರಿದ್ದರೆ 3,000 ಬರುತ್ತಿತ್ತು.

ಕ್ರೇಟು ಎತ್ತುವ ಮುನ್ನ ಕ್ಯಾಲೆಂಡರ್ ನೋಡು. ಸೋಮವಾರ, ಶನಿವಾರ, ಶ್ರಾವಣದಲ್ಲಿ ಭಾನುವಾರದಷ್ಟು ತಂದರೆ ಕೊನೆಯ ಮೂರು ಕೆಜಿ ಏಳು ಕೆಜಿಯಾಗಿ ಕೂರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡಲು ಮುಚ್ಚಿರುತ್ತವೆ. ಆಗ ಬಂಗುಡೆಯ ಬೆನ್ನು ಬಿದ್ದು ದುಬಾರಿ ಕ್ರೇಟು ತರುವುದಕ್ಕಿಂತ ಆಂಧ್ರದ ಕೆರೆಯ ಕಟ್ಲಾ, ರೋಹು ಮಾರು.

ಯಲಹಂಕಕ್ಕೆ ಇನ್ನೊಂದು ಗ್ರಹಚಾರವಿದೆ, ನಮ್ಮ ಯಶವಂತಪುರದ ಅಂಗಡಿಗಳು ಅದನ್ನು ಅಷ್ಟಾಗಿ ಕಂಡಿಲ್ಲ. ಏರೋ ಇಂಡಿಯಾ ಬಂದರೆ ಮಾಂಸ, ಮೀನಿನ ಅಂಗಡಿ ಮುಚ್ಚಲು ಪಾಲಿಕೆ ಆದೇಶ ಹೊರಡಿಸುತ್ತದೆ. ಬಿಸಾಡಿದ ತುಣುಕಿಗೆ ಹದ್ದುಗಳು ಸುತ್ತುತ್ತವೆ, ಅವು ವಿಮಾನಕ್ಕೆ ಬಡಿದರೆ ಅಪಾಯ. 2023ರಲ್ಲಿ ವಾಯುನೆಲೆಯ ಸುತ್ತ 10 ಕಿಲೋಮೀಟರು, ಜನವರಿ 30ರಿಂದ ಫೆಬ್ರವರಿ 20. 2025ರಲ್ಲಿ 13 ಕಿಲೋಮೀಟರು, ಜನವರಿ 23ರಿಂದ ಫೆಬ್ರವರಿ 17. ಎರಡು ವರ್ಷಕ್ಕೊಮ್ಮೆ ಹೀಗೆ ಮೂರ್ನಾಲ್ಕು ವಾರ ಬಾಗಿಲು ಹಾಕಿದರೂ ಬಾಡಿಗೆ ನಿಲ್ಲುವುದಿಲ್ಲ. ಅದಕ್ಕೆ ಈಗಿಂದಲೇ ಬೇರೆ ದುಡ್ಡು ತೆಗೆದಿಡು.

ಮೊದಲ ತಿಂಗಳು ಒಂದೊಂದು ಕ್ರೇಟಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರಿ: ಬಿಲ್ಲಿನ ತೂಕ, ನಿನ್ನ ತಕ್ಕಡಿಯ ತೂಕ, ಪೂರ್ತಿ ಬೆಲೆಗೆ ಹೋದದ್ದು, ಇಳಿಸಿ ಕೊಟ್ಟದ್ದು, ಎಸೆದದ್ದು, ಐಸಿನ ದುಡ್ಡು. ತಿಂಗಳಾದ ಮೇಲೆ ಆ ಪುಸ್ತಕ ತಗೊಂಡು ಯಶವಂತಪುರಕ್ಕೆ ಬಾ. ಎರಡನೇ ಕ್ರೇಟು ಎತ್ತಬೇಕೋ ಬೇಡವೋ ಅಂತ ಆಗ ಕೂತು ನೋಡೋಣ.