ಎರಡು ತಿಂಗಳ ಕರೆಂಟ್ ಬಿಲ್ ಮತ್ತು ಒಂದು ತಿಂಗಳ ಸ್ಲ್ಯಾಬ್

2022ರ ಸೆಪ್ಟೆಂಬರ್‌ನಲ್ಲಿ ಬಂದ ಕರೆಂಟ್ ಬಿಲ್ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟೆವು. ಆಗಸ್ಟ್ ಮೊದಲ ವಾರ ನಾವೆಲ್ಲ ಮದುವೆಗೆಂದು ನಾನಿಯ ಊರಿಗೆ ಹೋಗಿದ್ದೆವು. ಮನೆಗೆ ಬೀಗ ಹಾಕಿದ್ದರಿಂದ ಮೀಟರ್ ಓದಲು ಬಂದವರು ವಾಪಸ್ ಹೋಗಿದ್ದರು, ಆ ತಿಂಗಳು ಬಿಲ್ ಬರಲೇ ಇಲ್ಲ. ಹಾಗಾಗಿ ಎರಡು ತಿಂಗಳದ್ದು ಒಟ್ಟಿಗೆ ಬರುತ್ತದೆ ಎಂದು ಗೊತ್ತಿತ್ತು. ಆದರೆ ಒಂದು ತಿಂಗಳ ಬಿಲ್‌ನ ಎರಡರಷ್ಟಕ್ಕಿಂತ ಇದು ಸಾಕಷ್ಟು ಹೆಚ್ಚಾಗಿತ್ತು.

ಅಬ್ಬಾ ಹೇಳಿದರು, “200 ಯೂನಿಟ್ ದಾಟಿದೆಯಲ್ಲ ಬೇಟಾ, ಎಲ್ಲಕ್ಕೂ 8 ರೂಪಾಯಿ 20 ಪೈಸೆ ಹಾಕಿದ್ದಾರೆ.” ನಾನು ಗುಣಿಸಿ ನೋಡಿದೆ. 236 ಯೂನಿಟ್‌ಗೆ 8.20ರಂತೆ 1,935.20 ರೂಪಾಯಿ ಆಗಬೇಕು. ಬಿಲ್‌ನಲ್ಲಿ ವಿದ್ಯುತ್ ಶುಲ್ಕದ ಸಾಲಿನಲ್ಲಿ ಇದ್ದದ್ದು 1,497.70. ಅಂದರೆ ಅಬ್ಬಾ ಹೇಳಿದ್ದು ಸರಿಯಲ್ಲ. ಹಾಗಾದರೆ 1,497.70 ಎಲ್ಲಿಂದ ಬಂತು?

ಬಿಲ್ ಕಟ್ಟುವ ಕೌಂಟರ್‌ನ ಗೋಡೆಯ ಮೇಲೆ ದರಪಟ್ಟಿ ಅಂಟಿಸಿದ್ದರು, 2022ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು. ಅದರ ಫೋಟೋ ತೆಗೆದುಕೊಂಡು ಬಂದೆ. ಮೊದಲು ನಾನು ಓದಿದ್ದು ಗ್ರಾಮ ಪಂಚಾಯಿತಿ ಪ್ರದೇಶದ ಭಾಗವನ್ನು. ಅಲ್ಲಿ ದರ ಸ್ವಲ್ಪ ಕಡಿಮೆ ಇತ್ತು. ನಮ್ಮದು ನಗರಸಭೆ ವ್ಯಾಪ್ತಿ, ಅದರ ದರ ಬೇರೆ ಭಾಗದಲ್ಲಿತ್ತು. ಫೋಟೋ ತೆಗೆಯುವಾಗ ದರದ ಅಂಕಿಗಳನ್ನಷ್ಟೇ ಅಲ್ಲ, ಅವುಗಳ ಮೇಲಿನ ತಲೆಬರಹವೂ ಬರುವಂತೆ ತೆಗೆಯಬೇಕು ಎಂದು ಆಗ ಗೊತ್ತಾಯಿತು.

ಆಗ ನಮಗೆ ಅನ್ವಯಿಸುತ್ತಿದ್ದ ಸ್ಲ್ಯಾಬ್ ಹೀಗಿತ್ತು: ಮೊದಲ 50 ಯೂನಿಟ್‌ಗೆ 4.15, ಮುಂದಿನ 50ಕ್ಕೆ 5.60, ಅದರ ಮುಂದಿನ 100ಕ್ಕೆ 7.15, 200 ದಾಟಿದ ಮೇಲೆ 8.20 ರೂಪಾಯಿ. ಇದು ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ. ಮೇಲಿನ ದರ ಆ ಹಂತದೊಳಗೆ ಬಿದ್ದ ಯೂನಿಟ್‌ಗಳಿಗೆ ಮಾತ್ರ. 201ನೇ ಯೂನಿಟ್ ಸುಟ್ಟರೆ ಆ ಒಂದು ಯೂನಿಟ್‌ಗೆ 8.20 ಕೊಡಬೇಕಿತ್ತು, ಅದರ ಕೆಳಗಿನ 200ರ ಲೆಕ್ಕ ಬದಲಾಗುತ್ತಿರಲಿಲ್ಲ.

ಮೀಟರ್ ಹಿಂದಿನ ಬಾರಿ 4812 ತೋರಿಸಿತ್ತು, ಈಗ 5048. ವ್ಯತ್ಯಾಸ 236, ಬಿಲ್‌ನಲ್ಲೂ ಅಷ್ಟೇ ಇತ್ತು. ಅದನ್ನು ಸ್ಲ್ಯಾಬ್‌ಗಳಿಗೆ ಹಂಚಿದೆ. ನನ್ನ ಮೊತ್ತ 1,557.70 ಬಂತು, ಬಿಲ್‌ಗಿಂತ 60 ರೂಪಾಯಿ ಹೆಚ್ಚು! ಕಂಪನಿಯವರೇ ನಮಗೆ ಬಿಟ್ಟುಕೊಟ್ಟಿದ್ದಾರೆಯೇ ಎಂದು ಅಮ್ಮಿ ನಕ್ಕರು. ತಾಳೆಪಟ್ಟಿ ಹೊಂದದಿದ್ದರೆ ಮೊದಲು ವ್ಯತ್ಯಾಸದ ಮೊತ್ತವನ್ನೇ ನೋಡಿ ಎಂದು ಅಕೌಂಟೆನ್ಸಿ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ. 60 ಅನ್ನು ಮೂರನೇ ಸ್ಲ್ಯಾಬಿನ 100 ಯೂನಿಟ್‌ಗೆ ಹಂಚಿದರೆ ಸರಿಯಾಗಿ 60 ಪೈಸೆ. ಅಂದರೆ ಆ ಸಾಲಿನ ದರವನ್ನೇ ನಾನು 60 ಪೈಸೆ ಹೆಚ್ಚಾಗಿ ಓದಿರಬೇಕು. ಫೋಟೋ ದೊಡ್ಡದು ಮಾಡಿ ನೋಡಿದೆ. ಫ್ಲ್ಯಾಶ್ ಬಿದ್ದ ಜಾಗದಲ್ಲಿ 7.15 ನನಗೆ 7.75 ಎಂದು ಕಂಡಿತ್ತು. ಸರಿಪಡಿಸಿದ ಮೇಲೆ:

50 × 4.15 = 207.50
50 × 5.60 = 280.00
100 × 7.15 = 715.00
36 × 8.20 = 295.20
ಒಟ್ಟು 1,497.70

ಪೈಸೆಗೆ ಪೈಸೆ ಹೊಂದಿತು. ಅಬ್ಬಾ “ಆಯಿತಲ್ಲ, ಬಿಲ್ ಸರಿಯಾಗಿದೆ” ಎಂದರು. ನಾನೂ ಪುಸ್ತಕ ಮುಚ್ಚುವವಳಿದ್ದೆ. ಉಳಿದ ಸಾಲುಗಳನ್ನೂ ನೋಡಿಬಿಡೋಣ ಎಂದು ನಿಗದಿತ ಶುಲ್ಕಕ್ಕೆ ಬಂದೆ.

ನಿಗದಿತ ಶುಲ್ಕಕ್ಕೂ ನಾವು ಸುಡುವ ಯೂನಿಟ್‌ಗೂ ಸಂಬಂಧವಿಲ್ಲ. ಮನೆಗೆ ಮಂಜೂರಾದ ಲೋಡ್ ಮೇಲೆ ತಿಂಗಳಿಗೆ ಇಷ್ಟು ಎಂದು ಕಟ್ಟುವುದು. ಆಗ ಮೊದಲ ಕಿಲೋವ್ಯಾಟ್‌ಗೆ 100, ನಂತರದ ಪ್ರತಿ ಕಿಲೋವ್ಯಾಟ್‌ಗೆ 110 ರೂಪಾಯಿ ಇತ್ತು. ನಮ್ಮದು 2 ಕಿಲೋವ್ಯಾಟ್, ಹಾಗಾಗಿ ತಿಂಗಳಿಗೆ 210. ಬಿಲ್‌ನಲ್ಲಿ ಇದ್ದದ್ದು 420. ಎರಡು ತಿಂಗಳಿಗೆ ಸರಿಯೇ. ಆದರೆ ಅಲ್ಲೇ ನನಗೆ ಅನುಮಾನ ಬಂತು. ನಿಗದಿತ ಶುಲ್ಕ ಹಾಕುವಾಗ ಇದು ಎರಡು ತಿಂಗಳ ಬಿಲ್. ಸ್ಲ್ಯಾಬ್ ಹಾಕುವಾಗ ಮಾತ್ರ ಒಂದು ತಿಂಗಳದ್ದು ಹೇಗಾಗುತ್ತದೆ? ಪಟ್ಟಿಯಲ್ಲಿರುವ 50, 100, 200 ಒಂದು ತಿಂಗಳ ಅಳತೆ. ಎರಡು ತಿಂಗಳ ಯೂನಿಟ್ ಸೇರಿಸಿದರೆ ಅಳತೆಯೂ 100, 200, 400 ಆಗಬೇಕಲ್ಲವೇ?

ಹಾಗೆ ಮತ್ತೆ ಲೆಕ್ಕ ಹಾಕಿದೆ. ಮೊದಲ 100 ಯೂನಿಟ್‌ಗೆ 415, ಮುಂದಿನ 100ಕ್ಕೆ 560, ಉಳಿದ 36ಕ್ಕೆ 7.15ರಂತೆ 257.40. ಒಟ್ಟು 1,232.40. 8.20ರ ಸ್ಲ್ಯಾಬನ್ನು ನಾವು ಮುಟ್ಟಿಯೇ ಇರಲಿಲ್ಲ. ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿಯಲ್ಲೂ ನೋಡಿದೆ: 236ರ ಅರ್ಧ 118, ಅಷ್ಟು ಯೂನಿಟ್‌ಗೆ ಒಂದು ತಿಂಗಳ ಲೆಕ್ಕದಲ್ಲಿ 616.20, ಅದರ ಎರಡರಷ್ಟು ಮತ್ತೆ 1,232.40. ಬಿಲ್‌ಗೂ ಇದಕ್ಕೂ 265.30 ರೂಪಾಯಿ ವ್ಯತ್ಯಾಸ.

ಎಫ್‌ಎಸಿ ಎಂಬ ಸಾಲು ಗೋಡೆಯ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಇಂಧನದ ಖರ್ಚು ಏರಿಳಿದಾಗ ಯೂನಿಟ್‌ಗೆ ಇಷ್ಟು ಪೈಸೆ ಎಂದು ಆಗಾಗ ಬದಲಾಗುತ್ತಿತ್ತು. ನಮ್ಮ ಬಿಲ್‌ನಲ್ಲಿ 31 ಪೈಸೆ. 236ಕ್ಕೆ 73.16, ಸರಿಯಾಗಿತ್ತು. ಇದಕ್ಕೆ ಸ್ಲ್ಯಾಬ್ ಇರಲಿಲ್ಲ, ಹಾಗಾಗಿ ತಿಂಗಳು ಒಂದಾದರೂ ಎರಡಾದರೂ ಒಂದೇ.

ತೆರಿಗೆ ಶೇ. 9. ಯಾವ ಮೊತ್ತದ ಮೇಲೆ ಹಾಕಿದ್ದಾರೆ ಎಂದು ತಿಳಿಯಲು ಹಿಂದಿನಿಂದ ಬರಬೇಕು: ತೆರಿಗೆಯ ಮೊತ್ತವನ್ನು 9ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮೂಲ ಮೊತ್ತ ಸಿಗುತ್ತದೆ. ಅದರಲ್ಲಿ ನಿಗದಿತ ಶುಲ್ಕ ಸೇರಿರಲಿಲ್ಲ, ಅದು ಸರಿ. ಆದರೆ ವಿದ್ಯುತ್ ಶುಲ್ಕವೇ 265.30 ಹೆಚ್ಚಾದ ಮೇಲೆ ಅದರ ಮೇಲಿನ ತೆರಿಗೆಯೂ 23.88 ಹೆಚ್ಚಾಗಿತ್ತು. ಎರಡೂ ಸೇರಿ 289.18.

ಇಷ್ಟನ್ನು ಒಂದು ಹಾಳೆಯಲ್ಲಿ ಚೆನ್ನಾಗಿ ಬರೆದೆ. ಎಡಗಡೆ ಬಿಲ್‌ನ ಮೊತ್ತ, ಬಲಗಡೆ ನನ್ನ ಲೆಕ್ಕ, ಕೊನೆಯಲ್ಲಿ ವ್ಯತ್ಯಾಸ. ಹಿಂದಿನ ಬಿಲ್ ಮತ್ತು ಈ ಬಿಲ್‌ನ ಜೆರಾಕ್ಸ್ ಲಗತ್ತಿಸಿದೆ, ಏಕೆಂದರೆ ಎರಡರ ದಿನಾಂಕ ನೋಡಿದರೆ ಮಾತ್ರ ಇದು ಎರಡು ತಿಂಗಳ ಬಿಲ್ ಎಂದು ಗೊತ್ತಾಗುತ್ತದೆ. ಅಮ್ಮಿಗೆ ಕನ್ನಡದಲ್ಲಿ ಮಾತಾಡಲು ಸಂಕೋಚ, ಅದಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿದ್ದವರು ಮೊದಲು “ಕಂಪ್ಯೂಟರ್ ಬಿಲ್ ಅಮ್ಮಾ, ತಪ್ಪಾಗೋದಿಲ್ಲ” ಎಂದರು. ನಾನು 420ರ ಸಾಲಿನ ಮೇಲೆ ಬೆರಳಿಟ್ಟು, “ಸರ್, ಇದು ಎಷ್ಟು ತಿಂಗಳದ್ದು?” ಎಂದೆ. “ಎರಡು” ಎಂದರು. “ಹಾಗಾದರೆ ಮೇಲಿನದು?” ಎಂದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಆಮೇಲೆ ಒಂದು ಅರ್ಜಿ ಬರೆಸಿಕೊಂಡು, ಸ್ವೀಕರಿಸಿದ್ದಕ್ಕೆ ನಮ್ಮ ಪ್ರತಿಯ ಮೇಲೆ ಸೀಲ್ ಹಾಕಿಕೊಟ್ಟರು.

ಅಕ್ಟೋಬರ್ ಬಿಲ್‌ನಲ್ಲಿ 289.18 ಜಮೆ ಆಗಿ ಬಂತು. ಅಬ್ಬಾ ಆ ಬಿಲ್ಲನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದ್ದಾರೆ. ಈಗ ಬೀದಿಯವರು ಬಿಲ್ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಈವರೆಗೆ ಆರು ಬಿಲ್ ನೋಡಿದ್ದೇನೆ, ಆರೂ ಸರಿಯಾಗಿದ್ದವು. ಎದುರುಮನೆ ಖಾಲಾ ಮಾತ್ರ ಒಪ್ಪುತ್ತಿಲ್ಲ. ಅವರ ಅನುಮಾನ ಮೀಟರೇ ಜೋರಾಗಿ ಓಡುತ್ತಿದೆ ಎಂಬುದು. ನನ್ನ ಹಾಳೆ ಅದನ್ನು ಹೇಳಲಾರದು. ಅದು ಮೀಟರ್ ತೋರಿಸಿದ ಯೂನಿಟ್‌ನಿಂದಲೇ ಶುರುವಾಗುತ್ತದೆ. ಮೀಟರ್ ಪರೀಕ್ಷೆಗೆ ಬೇರೆ ಅರ್ಜಿ ಕೊಡಬೇಕು, ಅದನ್ನು ಭಾನುವಾರ ಬರೆದುಕೊಡುತ್ತೇನೆ ಎಂದಿದ್ದೇನೆ.