ಮನೆ ಕೊಡಲಾಗದೆಂದು ಹೇಳುವ ಬಗೆ

ಎರಡು ವರ್ಷಗಳ ಹಿಂದೆ ನಾನೂ ನನ್ನ ತಮ್ಮನೂ ಬಾಡಿಗೆಯ ಕೋಣೆಯೊಂದನ್ನು ಹುಡುಕುತ್ತ ಎರಡು ಮನೆಗಳಿಗೆ ಹೋದೆವು. ಎರಡು ಕಡೆಯೂ ಕೋಣೆ ದೊರೆಯಲಿಲ್ಲ. ಆದರೆ ಆ ಎರಡು ನಿರಾಕರಣೆಗಳು ಒಂದೇ ಬಗೆಯವಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಮೊದಲನೆಯ ಮನೆಯ ಯಜಮಾನರು ನಮ್ಮನ್ನು ಕುಳ್ಳಿರಿಸಿ, ಊರು ಕೇಳಿದರು, ತಂದೆಯ ಕಸಬು ಕೇಳಿದರು, ಕೊನೆಗೆ "ನೀವು ಯಾವ ಪೈಕಿ?" ಎಂದರು. ಹೇಳಿದೆ. ಅವರು ಕೈ ಮುಗಿದು, "ಈಗತಾನೆ ಬೇರೆಯವರಿಗೆ ಮಾತು ಕೊಟ್ಟೆನಪ್ಪಾ, ಬೇಸರ ಮಾಡಬೇಡಿ" ಎಂದು ನಯವಾಗಿಯೇ ಕಳುಹಿಸಿದರು. 'ಬಾಡಿಗೆಗೆ ಇದೆ' ಎಂಬ ಫಲಕ ಮಾತ್ರ ಒಂದು ತಿಂಗಳವರೆಗೆ ಅಲ್ಲಿಯೇ ತೂಗುತ್ತಿತ್ತು.

ಎರಡನೆಯ ಮನೆಯ ಅಜ್ಜಿ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ಜನ, ಎಂದಿನಿಂದ, ಎಷ್ಟು ಕಾಲ. "ನೀರು ದಿನ ಬಿಟ್ಟು ದಿನ ಬರುತ್ತದೆ. ಕೋಣೆ ಒಬ್ಬರಿಗೆ ಮಾತ್ರ ಸಾಕು, ನೀವು ಇಬ್ಬರು. ಫಲಕದಲ್ಲೇ ಬರೆಯಬೇಕಾಗಿತ್ತು, ನಿಮ್ಮನ್ನು ನಡೆಸಿದ್ದು ನನ್ನ ತಪ್ಪು" ಎಂದರು. ಮರುದಿನ ಫಲಕದಲ್ಲಿ 'ಒಬ್ಬರಿಗೆ' ಎಂದು ಸೇರಿತ್ತು. ಮುಂದೆ ಬಂದವನೂ ಒಬ್ಬನೇ.

ಮನೆಯೊಡೆಯನಿಗೆ ಬೇಡವೆನ್ನುವ ಸ್ವಾತಂತ್ರ್ಯ ಬಹಳವಿದೆ, ಆದರೆ ಅದಕ್ಕೆ ಎಲ್ಲೆಯೂ ಇದೆ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಆ ಕಾರಣದಿಂದ ಯಾರಿಗೇ ಆಗಲಿ ವಾಸದ ಮನೆಗೆ ಅಡ್ಡಿಪಡಿಸುವುದು, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಕರೆಯುವ 1955ರ ಕಾಯಿದೆಯಂತೆ ಅಪರಾಧ. ಎಚ್.ಐ.ವಿ. ಪೀಡಿತರಿಗೆ 2017ರ ಕಾಯಿದೆಯೂ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯಿದೆಯೂ ಬಾಡಿಗೆ ಮನೆಯ ವಿಷಯದಲ್ಲಿ ರಕ್ಷಣೆ ಕೊಟ್ಟಿವೆ. ಇಂಥ ಕಾರಣವು ಮನಸ್ಸಿನಲ್ಲಿದ್ದರೆ ಎಷ್ಟು ಸವಿಯಾದ ಮಾತಿನಿಂದಲೂ ಅದು ಶುದ್ಧವಾಗದು.

ಆದ್ದರಿಂದ ಸಭ್ಯ ನಿರಾಕರಣೆಯ ಕೆಲಸ ಅರ್ಜಿದಾರನು ಬರುವ ಮೊದಲೇ ಆರಂಭವಾಗಬೇಕು. ಜನರ ಸಂಖ್ಯೆ, ಬಾಡಿಗೆ, ಮುಂಗಡ, ಬರಬೇಕಾದ ದಿನಾಂಕ ಇವನ್ನು ಮೊದಲೇ ಬರೆದಿಟ್ಟು ಎಲ್ಲರಿಗೂ ಒಂದೇ ರೀತಿ ಹೇಳಬೇಕು. ಜಾತಿ ಕೇಳದಿದ್ದರೆ ಅದನ್ನು ಮರೆಮಾಚುವ ಸುಳ್ಳೂ ಬೇಕಾಗದು. ಉತ್ತರವನ್ನು ಒಂದೆರಡು ದಿನಗಳಲ್ಲಿ ತಿಳಿಸಿ, ಮುಂಗಡ ಪಡೆದಿದ್ದರೆ ಅಂದೇ ಹಿಂದಿರುಗಿಸಬೇಕು. ಉತ್ತರ ಹೀಗಿದ್ದರೆ ಸಾಕು:

"ತಾವು ಮನೆ ನೋಡಲು ಬಂದದ್ದಕ್ಕೆ ವಂದನೆಗಳು. ಈ ಮನೆ ಮೂವರಿಗೆ ಮಾತ್ರ ಸಾಲುವುದರಿಂದ ತಮ್ಮ ಐವರ ಕುಟುಂಬಕ್ಕೆ ಕೊಡಲಾಗುತ್ತಿಲ್ಲ. ಬೇರೆ ಕಡೆ ನೋಡಿಕೊಳ್ಳಲು ಅನುಕೂಲವಾಗಲೆಂದು ಇಂದೇ ತಿಳಿಸುತ್ತಿದ್ದೇನೆ."

ಇಲ್ಲಿ ಕಾರಣ ಒಂದೇ, ಅದೂ ಮನೆಯದು, ಮನುಷ್ಯರದಲ್ಲ. ಹೆಚ್ಚು ಕಾರಣಗಳನ್ನು ಪೋಣಿಸಿದರೆ ಒಂದು ಇನ್ನೊಂದನ್ನು ಸುಳ್ಳಾಗಿಸುತ್ತದೆ.

ಕಾರಣವು ನಿಜವೋ ನೆಪವೋ ಎಂದು ಒಡೆಯನೇ ಪರೀಕ್ಷಿಸಿಕೊಳ್ಳಬಹುದು. ನಾಳೆ ತನ್ನವರದೇ ಐವರ ಕುಟುಂಬ ಬಂದರೆ ಇದೇ ಕಾಗದವನ್ನು ಅವರಿಗೂ ಕೊಡುವನೇ? ಕೊಡುವನಾದರೆ ಸಂಕೋಚಪಡಬೇಕಾಗಿಲ್ಲ. ಆ ಅಜ್ಜಿಯನ್ನು ಬೀದಿಯಲ್ಲಿ ಕಂಡಾಗ ನಾನು ಇಂದಿಗೂ ನಮಸ್ಕರಿಸುತ್ತೇನೆ.